ಉತ್ತರ ನಿಂತುಹೋದ ಮೇಲೆ ಕೊನೆಯದಾಗಿ ಒಂದು ಸಂದೇಶ: ಕಳುಹಿಸಬೇಕೇ, ಕಳುಹಿಸಿದರೆ ಏನು ಬರೆಯಬೇಕು?

ನನ್ನ ಗೆಳತಿ ಮತ್ತು ಅವಳು ಇಷ್ಟಪಟ್ಟ ಒಬ್ಬ ಹುಡುಗ, ಏಳು ವಾರಗಳಲ್ಲಿ ಐದು ಭೇಟಿ. ಐದನೆಯ ಭೇಟಿ ಮುಗಿದ ಶನಿವಾರ ರಾತ್ರಿ ‘ಮನೆ ತಲುಪಿದೆಯಾ’ ಎಂದು ಅವನೇ ವಿಚಾರಿಸಿದ್ದ. ಭಾನುವಾರ ಬೆಳಿಗ್ಗೆ ಒಂದು ನಗುಮುಖ ಬಂದಿತ್ತು. ಮಂಗಳವಾರ ಅವಳು ಬರೆದ ಸಂದೇಶಕ್ಕೆ ಉತ್ತರ ಬರಲಿಲ್ಲ. ಶುಕ್ರವಾರ ಬರೆದದ್ದಕ್ಕೂ ಬರಲಿಲ್ಲ. ಹದಿನೆಂಟನೆಯ ದಿನ ಅವಳು ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅದರಲ್ಲಿ ಅರ್ಧ ಪುಟದಷ್ಟು ಉದ್ದದ ಸಂದೇಶವೊಂದು ಕಳುಹಿಸಲು ಸಿದ್ಧವಾಗಿತ್ತು. “ಇದನ್ನು ಕಳುಹಿಸಲೋ ಬೇಡವೋ?” ಎಂದು ಕೇಳಿದಳು. ಅವಳ ಒಪ್ಪಿಗೆ ಪಡೆದು, ಕೆಲವು ವಿವರಗಳನ್ನು ಬದಲಿಸಿ, ಆ ಸಂಜೆ ನಾವು ಮಾಡಿದ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗೂ ಇದು ನೆರವಾಗಬಹುದು.

ಒಂದು ಗಡಿಯನ್ನು ಮೊದಲೇ ಹಾಕಿಕೊಳ್ಳುತ್ತೇನೆ. ನಾನು ಹೇಳುತ್ತಿರುವುದು ಮೂರರಿಂದ ಎಂಟು ಭೇಟಿಗಳವರೆಗಿನ ಪರಿಚಯದ ಬಗ್ಗೆ. ಒಂದೇ ಭೇಟಿಯ ನಂತರ ಮಾತು ನಿಂತರೆ ಆ ಮೌನವೇ ಉತ್ತರ, ಅದಕ್ಕೆ ವಿದಾಯ ಬರೆಯುವ ಅಗತ್ಯವಿಲ್ಲ. ತಿಂಗಳುಗಟ್ಟಲೆ ಜೊತೆಗಿದ್ದು, ಇಬ್ಬರೂ ಬೇರೆ ಯಾರನ್ನೂ ನೋಡುವುದಿಲ್ಲ ಎಂದು ಮಾತಾಗಿದ್ದರೆ ಅದು ಒಂದು ಸಂದೇಶದಲ್ಲಿ ಮುಗಿಯುವ ವಿಷಯವಲ್ಲ. ಕಷ್ಟ ಇರುವುದು ಇವೆರಡರ ನಡುವೆ. ಅಲ್ಲಿ ಹಕ್ಕಿನಿಂದ ಕೇಳುವಷ್ಟು ಸಲುಗೆ ಬೆಳೆದಿರುವುದಿಲ್ಲ, ಏನೂ ಆಗಿಲ್ಲವೆಂದು ಬಿಟ್ಟುಬಿಡುವಷ್ಟು ದೂರವೂ ಇರುವುದಿಲ್ಲ.

ಮೊದಲು ಇದು ನಿಜವಾಗಿಯೂ ಮೌನವೇ ಎಂದು ನೋಡಿ

ಅಳತೆಗೋಲು ಅವರದೇ ಆಗಿರಬೇಕು, ನಿಮ್ಮದಲ್ಲ. ಹಳೆಯ ಸಂದೇಶಗಳನ್ನು ಮೇಲಕ್ಕೆ ಸರಿಸಿ ನೋಡಿ. ಅವರು ಸಾಮಾನ್ಯವಾಗಿ ಎಷ್ಟು ಹೊತ್ತಿಗೆ ಉತ್ತರಿಸುತ್ತಿದ್ದರು? ಮೊದಲಿನಿಂದಲೂ ಎರಡು ಮೂರು ದಿನಕ್ಕೊಮ್ಮೆ ಬರೆಯುವವರು ನಾಲ್ಕು ದಿನ ಬರೆಯದಿದ್ದರೆ ಅದು ಅವರ ನಡೆಯೇ. ಅರ್ಧ ಗಂಟೆಯೊಳಗೆ ಉತ್ತರಿಸುತ್ತಿದ್ದವರು ನಾಲ್ಕು ದಿನ ಸುಮ್ಮನಿದ್ದರೆ ಏನೋ ಬದಲಾಗಿದೆ. ನನ್ನ ಗೆಳತಿಯ ವಿಷಯದಲ್ಲಿ ಅವನು ದಿನಕ್ಕೆ ಒಮ್ಮೆಯಾದರೂ ತಪ್ಪದೆ ಬರೆಯುತ್ತಿದ್ದ.

ಟಿಕ್ ಗುರುತುಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಟಿಕ್ ಇದ್ದರೆ ಸಂದೇಶ ನಿಮ್ಮಿಂದ ಹೊರಟಿದೆ, ಅವರ ಮೊಬೈಲ್ ತಲುಪಿಲ್ಲ ಎಂದರ್ಥ. ಬೂದು ಬಣ್ಣದ ಎರಡು ಟಿಕ್ ಎಂದರೆ ತಲುಪಿದೆ, ನೀಲಿ ಎಂದರೆ ಓದಿದ್ದಾರೆ. ಆದರೆ ಓದಿದ ಗುರುತು ಕಾಣದಂತೆ ಯಾರು ಬೇಕಾದರೂ ಮಾಡಿಟ್ಟುಕೊಳ್ಳಬಹುದು, ಹಾಗಾಗಿ ಬೂದು ಬಣ್ಣವೆಂದರೆ ಓದಿಲ್ಲ ಎಂದಲ್ಲ. ಹಲವು ದಿನ ಒಂದೇ ಟಿಕ್ ನಿಂತು, ಅವರ ಚಿತ್ರವೂ ಕಾಣದಂತಾದರೆ ಬ್ಲಾಕ್ ಮಾಡಿರುವ ಸಾಧ್ಯತೆ ಇದೆ. ಅಷ್ಟಾದರೂ ಅದು ಖಚಿತವಲ್ಲ. ಬ್ಲಾಕ್ ಮಾಡಿದವರ ಗುಟ್ಟು ಕಾಪಾಡಲೆಂದೇ ಆ ಗುರುತುಗಳನ್ನು ಅಸ್ಪಷ್ಟವಾಗಿ ಇಟ್ಟಿದ್ದಾರೆ. ಒಂದು ಗುರುತಿನ ಬಣ್ಣ ನೋಡಿಕೊಂಡು ರಾತ್ರಿಯೆಲ್ಲ ಅರ್ಥ ಹುಡುಕುತ್ತ ಕುಳಿತರೆ ನಿದ್ದೆ ಹೋಗುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ.

ಕೊನೆಯ ಮಾತು ಆಡುವ ಮೊದಲು ಒಂದು ವಿಚಾರಣೆಯ ಸಂದೇಶ ಹೋಗಿರಬೇಕು. ಒಂದೇ ಒಂದು ಸಾಕು. ಅದರಲ್ಲಿ ‘ಇಲ್ಲ’ ಎನ್ನುವುದು ಅವರಿಗೆ ಸುಲಭವಾಗಿರಬೇಕು. ‘ಹೇಗಿದ್ದೀಯ? ಎಲ್ಲ ಸರಿ ತಾನೇ?’ ಎಂದು ಕೇಳಿದರೆ ತಪ್ಪಿಸಿಕೊಳ್ಳುತ್ತಿರುವವರು ಇನ್ನಷ್ಟು ತಪ್ಪಿಸಿಕೊಳ್ಳುತ್ತಾರೆ, ಏಕೆಂದರೆ ಉತ್ತರಿಸಿದರೆ ಮಾತು ಬೆಳೆಸಬೇಕಾಗುತ್ತದೆ. ಗೆಳತಿ ಹತ್ತನೆಯ ದಿನ ಕಳುಹಿಸಿದ್ದು ಇದು: ‘ಈ ಶನಿವಾರ ಸಂಜೆ ನಾನು ಬಿಡುವಾಗಿದ್ದೇನೆ. ಭೇಟಿಯಾಗುವ ಮನಸ್ಸಿದ್ದರೆ ತಿಳಿಸು. ಇಲ್ಲವಾದರೆ ಇಲ್ಲ ಎಂದರೂ ಸಾಕು.’ ಇಷ್ಟು ಸಲೀಸಾದ ಬಾಗಿಲು ತೆರೆದಿಟ್ಟ ಮೇಲೂ ಒಂದು ವಾರ ಕಳೆದರೆ ಇನ್ನು ಕಾಯುವುದರಲ್ಲಿ ಹುರುಳಿಲ್ಲ.

‘ಏನಾದರೂ ಅನಾಹುತವಾಗಿದ್ದರೆ?’ ಎಂಬ ಭಯ ಬಹಳ ಜನರನ್ನು ಕಾಡುತ್ತದೆ. ಇಬ್ಬರಿಗೂ ಪರಿಚಯವಿರುವ ಯಾರಾದರೂ ಇದ್ದರೆ ಅವರನ್ನು ಒಮ್ಮೆ ‘ಕ್ಷೇಮವಾಗಿದ್ದಾರೆಯೇ?’ ಎಂದು ಕೇಳಬಹುದು. ಕ್ಷೇಮ ಎಂದು ತಿಳಿದೊಡನೆ ಅಲ್ಲಿಗೆ ನಿಲ್ಲಿಸಿ. ‘ನನ್ನ ಬಗ್ಗೆ ಏನಾದರೂ ಹೇಳಿದರೇ?’ ಎಂದು ಮುಂದುವರಿಸಿದರೆ ಆ ಮೂರನೆಯವರನ್ನು ನೀವು ಅಂಚೆಯವರನ್ನಾಗಿ ಮಾಡಿದಂತೆ.

ಕಳುಹಿಸಬೇಕೇ ಎಂದು ತೀರ್ಮಾನಿಸುವುದು

ನಾನು ಗೆಳತಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಸಂದೇಶ ನಿನಗೆ ಏನು ತಂದುಕೊಡಬೇಕು? ಅವಳು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಪ್ರಾಮಾಣಿಕವಾಗಿ ಹೇಳಿದಳು. ಅವನು ಕಾರಣ ಹೇಳಬೇಕು, ತಪ್ಪಾಯಿತು ಎನ್ನಬೇಕು, ಸಾಧ್ಯವಾದರೆ ವಾಪಸ್ ಬರಬೇಕು. ಈ ಮೂರೂ ಅವನ ಕೈಯಲ್ಲಿವೆ, ಸಂದೇಶದ ಕೈಯಲ್ಲಿಲ್ಲ. ಹದಿನೆಂಟು ದಿನ ಬಾಯಿ ಬಿಡದವನ ಬಾಯಿಂದ ಅವನ್ನು ಹೊರಡಿಸುವ ಮಾತು ಯಾವ ಭಾಷೆಯಲ್ಲೂ ಇಲ್ಲ.

ಸಂದೇಶ ಮಾಡಬಲ್ಲ ಕೆಲಸ ಬೇರೆಯೇ ಇದೆ, ಅದು ಚಿಕ್ಕದು. ನಿಮ್ಮ ಕಾಯುವಿಕೆಗೆ ನೀವೇ ಒಂದು ತಾರೀಕು ಹಾಕಬಹುದು. ನಿಮ್ಮ ಬಳಿ ಇರುವ ಅವರ ವಸ್ತುವಿನ ವಿಷಯ ಇತ್ಯರ್ಥ ಮಾಡಬಹುದು. ಒಂದೇ ಕಚೇರಿ, ಒಂದೇ ತರಗತಿ, ಒಂದೇ ಗೆಳೆಯರ ಬಳಗ ಆಗಿದ್ದರೆ ಮುಂದೆ ಎದುರಾದಾಗ ಇಬ್ಬರೂ ತಲೆ ತಗ್ಗಿಸಿ ದಾಟಿಹೋಗುವ ಮುಜುಗರವನ್ನು ಸ್ವಲ್ಪ ತಪ್ಪಿಸಬಹುದು. ಈ ಸಣ್ಣ ಕೆಲಸಗಳಲ್ಲಿ ಒಂದಾದರೂ ನಿಮಗೆ ನಿಜವಾಗಿ ಬೇಕಾಗಿದ್ದರೆ ಸಂದೇಶಕ್ಕೆ ಅರ್ಥವಿದೆ.

ಬಗೆಹರಿಯದ ಸ್ಥಿತಿ ಏಕೆ ಇಷ್ಟು ಕೊರೆಯುತ್ತದೆ ಎನ್ನುವುದಕ್ಕೆ ಅಮೆರಿಕದ ಕುಟುಂಬ ಚಿಕಿತ್ಸಾ ತಜ್ಞೆ ಪಾಲಿನ್ ಬಾಸ್ 1970ರ ದಶಕದಲ್ಲಿ ಒಂದು ಹೆಸರು ಕೊಟ್ಟರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಗಮನಿಸುತ್ತಾ ಅವರು ಅದನ್ನು ಅಸ್ಪಷ್ಟ ನಷ್ಟ ಎಂದು ಕರೆದರು. ವ್ಯಕ್ತಿ ಇದ್ದಾರೋ ಇಲ್ಲವೋ ತಿಳಿಯದಿದ್ದಾಗ ಮನಸ್ಸು ದುಃಖಿಸಲಾರದು, ಮರೆಯಲೂ ಲಾರದು. ಐದು ಭೇಟಿಯ ಗೆಳೆತನವನ್ನು ಆ ಕುಟುಂಬಗಳ ನೋವಿನೊಂದಿಗೆ ತೂಗುವುದು ಸಲ್ಲದು. ಆದರೂ ಒಂದು ಅಂಶ ಇಲ್ಲಿಗೂ ಹೊಂದುತ್ತದೆ: ಹೊರಗಿನಿಂದ ಉತ್ತರ ಬಾರದಿದ್ದಾಗ ‘ಇದು ಮುಗಿಯಿತು’ ಎಂದು ನಿರ್ಧರಿಸುವ ಕೆಲಸ ಉಳಿದವರ ಮೇಲೆಯೇ ಬೀಳುತ್ತದೆ.

ಈಗ ಪರೀಕ್ಷೆ. ಕಣ್ಣು ಮುಚ್ಚಿ ಮೂರು ದೃಶ್ಯಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದರಲ್ಲಿ ನೀಲಿ ಟಿಕ್ ಬೀಳುತ್ತದೆ, ಏನೂ ಬರುವುದಿಲ್ಲ, ಎಂದೆಂದಿಗೂ. ಎರಡನೆಯದರಲ್ಲಿ ‘ಅಯ್ಯೋ ಕ್ಷಮಿಸು, ಕೆಲಸದ ಗಡಿಬಿಡಿ’ ಎಂಬ ಒಂದು ಸಾಲು ಬಂದು ಮತ್ತೆ ಮೌನ. ಮೂರನೆಯದರಲ್ಲಿ ‘ಇಷ್ಟಕ್ಕೆಲ್ಲ ಇಷ್ಟು ದೊಡ್ಡದು ಮಾಡುತ್ತೀಯಾ’ ಎಂಬ ಚುಚ್ಚುಮಾತು. ಈ ಮೂರರಲ್ಲಿ ಯಾವುದೇ ಬಂದರೂ ಮರುದಿನ ಬೆಳಿಗ್ಗೆ ‘ಕಳುಹಿಸಿದ್ದು ಒಳ್ಳೆಯದಾಯಿತು’ ಎಂದು ನಿಮಗೆ ಅನ್ನಿಸುವುದಾದರೆ ಕಳುಹಿಸಿ. ಮೊದಲನೆಯ ದೃಶ್ಯದಲ್ಲೇ ಎದೆ ಧಸಕ್ಕೆಂದರೆ ನೀವು ಬರೆಯುತ್ತಿರುವುದು ವಿದಾಯವಲ್ಲ, ಮತ್ತೊಂದು ಕರೆ. ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿಕೊಳ್ಳಿ. ಗೆಳತಿ ಆ ಸಂಜೆ ಮೊದಲ ದೃಶ್ಯದಲ್ಲೇ ಕಣ್ಣೀರು ಹಾಕಿದಳು. ಹಾಗಾಗಿ ಅಂದು ಏನನ್ನೂ ಕಳುಹಿಸಲಿಲ್ಲ.

ಕೆಲವು ಸಂದರ್ಭಗಳಲ್ಲಿ ಈ ಪರೀಕ್ಷೆಯೂ ಬೇಡ, ಸುಮ್ಮನಿರುವುದೇ ಸರಿ. ಅವರು ಬ್ಲಾಕ್ ಮಾಡಿದ್ದು ಖಚಿತವಾಗಿದ್ದರೆ ಅಲ್ಲಿಗೆ ಮುಗಿಯಿತು. ಬೇರೆ ಸಂಖ್ಯೆಯಿಂದ, ಬೇರೆ ಖಾತೆಯಿಂದ, ಗೆಳೆಯರ ಮೊಬೈಲಿನಿಂದ ಬರೆಯುವುದು ಮುಚ್ಚಿದ ಬಾಗಿಲನ್ನು ತಳ್ಳಿದಂತೆ, ಎದುರಿನವರಿಗೆ ಅದು ಕಿರುಕುಳವೇ ಆಗುತ್ತದೆ. ಮತ್ತೆ ಸಂಪರ್ಕಿಸಬೇಡ ಎಂದು ಅವರು ಹಿಂದೆ ಹೇಳಿದ್ದರೂ ಅದೇ ಮಾತು. ಇನ್ನು, ಭೇಟಿಗಳಲ್ಲಿ ಅವರ ಸಿಟ್ಟು ಅಥವಾ ಹಿಡಿತದ ಸ್ವಭಾವ ಕಂಡು ನಿಮಗೆ ಹೆದರಿಕೆಯಾಗಿದ್ದರೆ, ತಾವಾಗಿ ದೂರವಾದವರನ್ನು ಮತ್ತೆ ಮಾತಿಗೆಳೆಯಬೇಡಿ.

ಕಳುಹಿಸದಿರುವ ಪತ್ರವನ್ನು ಮೊದಲು ಬರೆಯಿರಿ

ಅರ್ಧ ಪುಟದ ಆ ಸಂದೇಶವನ್ನು ಅಳಿಸಿಬಿಡು ಎಂದು ನಾನು ಹೇಳಲಿಲ್ಲ. ಅದರಲ್ಲಿದ್ದುದೆಲ್ಲ ನಿಜವೇ. ಅದು ಇರಬೇಕಾದ ಜಾಗ ಮಾತ್ರ ಬೇರೆ. ಕಾಗದದ ಮೇಲೆ ಪೆನ್ನಿನಲ್ಲಿ ಬರೆ ಎಂದೆ. ಚಾಟ್ ಕಿಟಕಿಯಲ್ಲಿ ಬರೆಯುವುದು ಅಪಾಯ, ಬೆರಳು ಜಾರಿದರೆ ಸಂದೇಶ ಹೊರಟೇಹೋಗುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕಲಕಿದ ಘಟನೆಯ ಬಗ್ಗೆ ಬರೆದಿದ್ದರು. ಆ ಲೆಕ್ಕವನ್ನೇ ನಾವು ಎರವಲು ಪಡೆದೆವು. ಬರೆದ ದಿನವೇ ಮನಸ್ಸು ಹಗುರವಾಗುತ್ತದೆ ಎಂದುಕೊಳ್ಳಬೇಡಿ, ಬರೆದು ಮುಗಿಸಿದ ಕೂಡಲೇ ಇನ್ನಷ್ಟು ಭಾರವೆನಿಸುವುದೂ ಉಂಟು. ಗೆಳತಿಯ ಮೊದಲ ದಿನದ ಕಾಗದದ ತುಂಬ ‘ನೀನು’ ಇತ್ತು. ನಾಲ್ಕನೆಯ ದಿನದ ಹೊತ್ತಿಗೆ ‘ನಾನು’ ಹೆಚ್ಚಾಗಿತ್ತು. ಇದನ್ನು ಅವಳೇ ಗಮನಿಸಿ ಹೇಳಿದಳು. ಆ ದಿನ ಮೂರು ದೃಶ್ಯಗಳ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಅವಳ ದನಿ ನಡುಗಲಿಲ್ಲ.

ಬರೆಯುವ ಬಗೆ

ಅವಳ ಮೊದಲ ಸಂದೇಶದ ಒಂದು ತುಣುಕು ಹೀಗಿತ್ತು:

‘ನಿನಗೆ ಇಷ್ಟವಿಲ್ಲದಿದ್ದರೆ ಒಂದು ಮಾತು ಹೇಳಬಹುದಿತ್ತಲ್ಲ? ನಾನೇನು ತಪ್ಪು ಮಾಡಿದೆ ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಮಳೆಯಲ್ಲಿ ಒಂದು ಗಂಟೆ ನಿಂತು ಮಾತನಾಡಿದ್ದೆಲ್ಲ ಸುಳ್ಳೇ? ಇರಲಿ, ಪರವಾಗಿಲ್ಲ. ನಿನ್ನ ಪುಸ್ತಕ ಯಾವಾಗ ಕೊಡಲಿ?’

ಓದಿದರೆ ಕರುಳು ಹಿಂಡುತ್ತದೆ. ಆದರೆ ವಿದಾಯವಾಗಿ ಇದು ಕೆಲಸ ಮಾಡುವುದಿಲ್ಲ. ಏಕೆ ಎಂದು ಪದ ಪದವಾಗಿ ನೋಡೋಣ, ಏಕೆಂದರೆ ಹೆಚ್ಚಿನವರು ಎಡವುವುದು ಇದೇ ಪದಗಳಲ್ಲಿ.

ಮೂರು ಪ್ರಶ್ನಾರ್ಥಕ ಚಿಹ್ನೆಗಳಿವೆ. ಪ್ರತಿ ಪ್ರಶ್ನೆಯೂ ಒಂದು ಗಾಳ. ಹಾಕಿದ ಮೇಲೆ ದಡದಲ್ಲಿ ಕುಳಿತು ಕಾಯಲೇಬೇಕು. ಕೊನೆಯ ಸಂದೇಶದಲ್ಲಿ ಒಂದೂ ಪ್ರಶ್ನೆ ಇರಬಾರದು ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಚಿಹ್ನೆ ಇಲ್ಲದ ಪ್ರಶ್ನೆಯನ್ನೂ ಹುಡುಕಿ ತೆಗೆಯಿರಿ. ‘ನಾನೇನು ತಪ್ಪು ಮಾಡಿದೆ ಎಂದು’ ಎಂಬ ಮಾತು ಹೇಳಿಕೆಯ ವೇಷದಲ್ಲಿರುವ ಪ್ರಶ್ನೆಯೇ.

‘ಹೇಳಬಹುದಿತ್ತಲ್ಲ’ ಎಂಬ ಒಂದೇ ಪದದೊಳಗೆ ಇಡೀ ಜಗಳ ಅಡಗಿದೆ. ‘ಬಹುದಿತ್ತು’ ಎಂದರೆ ನೀನು ಮಾಡಲಿಲ್ಲ ಎಂದು, ಅದರ ಬಾಲಕ್ಕೆ ಸೇರಿದ ‘ಅಲ್ಲ’ ಎಂದರೆ ಒಪ್ಪಿಕೋ ಎಂದು. ದೂರನ್ನು ಹೇಳಲೇಬೇಕಿದ್ದರೆ ನೇರವಾಗಿ, ನಿಮ್ಮ ಮೇಲಾದ ಪರಿಣಾಮವಾಗಿ ಹೇಳಿ: ‘ಹೀಗೆ ಮಾತು ನಿಂತದ್ದು ನನಗೆ ನೋವು ತಂದಿತು.’ ಇದರಲ್ಲಿ ಅವರು ವಾದ ಮಾಡಲು ಏನೂ ಇಲ್ಲ. ಒಮ್ಮೆ ಹೇಳಿದರೆ ಸಾಕು, ಎರಡನೆಯ ಸಲ ಹೇಳಿದರೆ ಅದು ಮತ್ತೆ ದೂರಾಗುತ್ತದೆ.

‘ಇರಲಿ’ ಮತ್ತು ‘ಪರವಾಗಿಲ್ಲ’ ಬೇಡ. ಬಾಯಲ್ಲಿ ಆಡುವಾಗ ಈ ಪದಗಳಿಗೆ ನಿಟ್ಟುಸಿರು ಜೊತೆಯಾಗುತ್ತದೆ. ಬರಹದಲ್ಲಿ ಅವು ಕೊಂಕಾಗಿಯಾದರೂ ಕೇಳಿಸುತ್ತವೆ, ಇಲ್ಲವೇ ಸುಳ್ಳಾಗಿ. ಪರವಾಗಿದೆ ಎಂದೇ ತಾನೇ ನೀವು ಬರೆಯಲು ಕುಳಿತಿರುವುದು.

ಇನ್ನೊಂದು ಸೂಕ್ಷ್ಮ ನಮ್ಮ ಭಾಷೆಯದೇ. ಎರಡನೆಯ ಅಥವಾ ಮೂರನೆಯ ಭೇಟಿಯ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿರುತ್ತದೆ. ಸಿಟ್ಟಿನಲ್ಲಿ ಬರೆಯುವಾಗ ಅನೇಕರು ಮತ್ತೆ ‘ನೀವು’ಗೆ ಮರಳುತ್ತಾರೆ. ಅದು ಗೌರವವಾಗಿ ಕೇಳಿಸುವುದಿಲ್ಲ, ಕದ ಹಾಕಿದ ಸದ್ದಾಗಿ ಕೇಳಿಸುತ್ತದೆ. ಕೊನೆಯ ದಿನ ಯಾವುದರಲ್ಲಿ ಮಾತನಾಡಿದ್ದಿರೋ ಅದರಲ್ಲೇ ಬರೆಯಿರಿ. ಕೊನೆಯವರೆಗೂ ‘ನೀವು’ ಎಂದೇ ಇದ್ದಿದ್ದರೆ ಈಗ ಸಲುಗೆಯ ‘ನೀನು’ ತರುವುದೂ ಬೇಡ.

ಉಳಿದದ್ದು ಪುಸ್ತಕ. ಅವನು ಓದಲು ಕೊಟ್ಟ ಕಾದಂಬರಿಯೊಂದು ಅವಳ ಬಳಿ ಇತ್ತು. ಇಂಥ ವಸ್ತುಗಳು ಬಹಳ ಮೋಸ ಮಾಡುತ್ತವೆ. ‘ವಾಪಸ್ ಕೊಡಲು ಒಮ್ಮೆ ಭೇಟಿಯಾಗೋಣ’ ಎಂದು ಬರೆದರೆ ಪುಸ್ತಕ ನೆಪವಾಗುತ್ತದೆ. ಏನೂ ಹೇಳದೆ ಇಟ್ಟುಕೊಂಡರೆ ಕಪಾಟಿನಲ್ಲಿ ಕಂಡಾಗಲೆಲ್ಲ ಲೆಕ್ಕ ಬಾಕಿ ಇದೆ ಎನ್ನಿಸುತ್ತದೆ. ನಾವು ಕಂಡುಕೊಂಡ ದಾರಿ ಎಂದರೆ ಒಂದು ಗಡುವು ಇಡುವುದು, ಭೇಟಿ ಬೇಕಿಲ್ಲದ ವಿಧಾನ ಹೇಳುವುದು. ಗಡುವು ದಾಟಿದರೆ ಪುಸ್ತಕವನ್ನು ಗ್ರಂಥಾಲಯಕ್ಕೆ ಕೊಡುವುದೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಳು. ಅದನ್ನು ಸಂದೇಶದಲ್ಲಿ ಬರೆಯಲಿಲ್ಲ, ಬರೆದರೆ ಬೆದರಿಕೆಯಂತೆ ಕೇಳಿಸುತ್ತಿತ್ತು.

ಕೊನೆಗೆ ಉಳಿದದ್ದು ಎಂಟು ವಾಕ್ಯ:

‘ನಮ್ಮ ಕಳೆದ ಭೇಟಿಯ ನಂತರ ನಿನ್ನಿಂದ ಉತ್ತರ ಬಂದಿಲ್ಲ. ಇದನ್ನು ಮುಂದುವರಿಸುವ ಮನಸ್ಸು ನಿನಗಿಲ್ಲ ಎಂದು ತಿಳಿದುಕೊಂಡಿದ್ದೇನೆ. ಹೀಗೆ ಮಾತು ನಿಂತದ್ದು ನನಗೆ ನೋವು ತಂದಿತು. ಮಳೆಯಲ್ಲಿ ನಿಂತು ಮಾತನಾಡಿದ ಆ ಸಂಜೆ ನನಗೆ ಇಷ್ಟವಾಗಿತ್ತು. ನಿನ್ನ ಪುಸ್ತಕವನ್ನು ಈ ತಿಂಗಳ ಕೊನೆಯವರೆಗೆ ತೆಗೆದಿಟ್ಟಿರುತ್ತೇನೆ. ವಿಳಾಸ ಕಳುಹಿಸಿದರೆ ಅಂಚೆಯಲ್ಲಿ ಹಾಕುತ್ತೇನೆ. ಇನ್ನು ಮುಂದೆ ನಾನಾಗಿ ಸಂದೇಶ ಕಳುಹಿಸುವುದಿಲ್ಲ. ಒಳ್ಳೆಯದಾಗಲಿ.’

ನಿಮ್ಮದನ್ನು ಬರೆಯುವಾಗ ಈ ಸಾಲುಗಳನ್ನು ನಕಲು ಮಾಡಬೇಕಿಲ್ಲ, ಅವುಗಳ ಕೆಲಸ ಗಮನಿಸಿ. ಮೊದಲ ಸಾಲು ನಡೆದದ್ದನ್ನು ಹೇಳುತ್ತದೆ, ಆರೋಪಿಸುವುದಿಲ್ಲ. ಎರಡನೆಯದು ‘ನನಗನ್ನಿಸುತ್ತದೆ’, ‘ಬಹುಶಃ’ ಎಂದು ಬಾಗಿಲು ಅರೆತೆರೆಯುವುದಿಲ್ಲ, ತೀರ್ಮಾನವನ್ನೇ ಹೇಳುತ್ತದೆ. ಮಳೆಯ ಸಾಲು ಬೇಕೇ ಎಂದು ನಾವು ತುಂಬಾ ಹೊತ್ತು ಚರ್ಚಿಸಿದೆವು. ಅದು ನಿಜವಾಗಿದ್ದರೆ, ಓದಿದವರು ಕರಗಲಿ ಎಂಬ ಆಸೆಯಿಂದ ಬರೆದದ್ದಲ್ಲವಾದರೆ ಇರಲಿ. ಆ ಆಸೆ ಇನ್ನೂ ಒಂದಿಷ್ಟು ಇದ್ದರೂ ಆ ಸಾಲನ್ನು ಕೈಬಿಡಿ. ‘ನಾನಾಗಿ ಸಂದೇಶ ಕಳುಹಿಸುವುದಿಲ್ಲ’ ಎಂಬ ಸಾಲು ಮಾತ್ರ ಯಾವ ಕಾರಣಕ್ಕೂ ಬಿಟ್ಟುಹೋಗಬಾರದು. ಅದನ್ನು ಪಾಲಿಸಬೇಕಾದವರು ನೀವೇ, ಹಾಗಾಗಿ ಪಾಲಿಸಲು ಆಗದು ಎನ್ನಿಸಿದರೆ ಸಂದೇಶಕ್ಕೆ ಇನ್ನೂ ಕಾಲ ಬಂದಿಲ್ಲ.

ಕಳುಹಿಸುವಾಗ ಮತ್ತು ಆಮೇಲೆ

ಬರೆದು ಮುಗಿಸಿದ ಮೇಲೆ ಒಂದು ರಾತ್ರಿ ಕಳೆಯಲಿ. ಹಗಲಿನಲ್ಲಿ, ಮುಂದೆ ಬೇರೇನಾದರೂ ಕೆಲಸವಿರುವ ಹೊತ್ತಿನಲ್ಲಿ ಕಳುಹಿಸಿ. ರಾತ್ರಿ ಹತ್ತರ ನಂತರ ಕಳುಹಿಸಿದರೆ ನೀಲಿ ಟಿಕ್ ಕಾಯುತ್ತ ಬೆಳಗಾಗುತ್ತದೆ. ಅವರ ಹುಟ್ಟುಹಬ್ಬ, ಪರೀಕ್ಷೆ, ಸಂದರ್ಶನ ಇರುವ ದಿನ ಗೊತ್ತಿದ್ದರೆ ಆ ದಿನ ಬೇಡ. ಮೊದಲಿನಿಂದ ಎಲ್ಲಿ ಮಾತನಾಡುತ್ತಿದ್ದಿರೋ ಅಲ್ಲಿಯೇ, ಒಂದೇ ಸಂದೇಶವಾಗಿ ಹೋಗಲಿ, ತುಂಡು ತುಂಡಾಗಿ ಐದು ಸಲ ಬೇಡ. ಧ್ವನಿ ಸಂದೇಶವೂ ಬೇಡ, ಅದರಲ್ಲಿ ಮಾತಿಗಿಂತ ಗಂಟಲು ಕಟ್ಟಿದ್ದೇ ಹೆಚ್ಚು ಕೇಳಿಸುತ್ತದೆ. ಗೆಳತಿ ಕಳುಹಿಸಿದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಒಂದು ಸಭೆಗೆ ಹೋಗುವ ಐದು ನಿಮಿಷ ಮೊದಲು.

ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ 15 ನಿಮಿಷದವರೆಗೆ ತಿದ್ದಬಹುದು, ಆದರೆ ತಿದ್ದಿದ ಗುರುತು ಉಳಿಯುತ್ತದೆ. ಸುಮಾರು ಎರಡೂವರೆ ದಿನದವರೆಗೆ ಎಲ್ಲರಿಗೂ ಕಾಣದಂತೆ ಅಳಿಸಬಹುದು, ಆದರೆ ಅಳಿಸಿದ್ದೂ ಅಲ್ಲಿ ಕಾಣಿಸುತ್ತದೆ. ವಿದಾಯವನ್ನು ಅಳಿಸಿದ ಗುರುತು ಆ ವಿದಾಯಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಆದ್ದರಿಂದ ಹೋದದ್ದು ಹೋಗಲಿ. ಕಳುಹಿಸಿದೊಡನೆ ಆ ಸಂಭಾಷಣೆಯನ್ನು ಆರ್ಕೈವ್‌ಗೆ ಹಾಕಿ, ಸದ್ದು ಬಾರದಂತೆ ಮಾಡಿ, ಪಟ್ಟಿಯ ಮೇಲ್ಭಾಗದಲ್ಲಿ ಕಣ್ಣಿಗೆ ಬೀಳದಿರಲಿ.

ಉತ್ತರ ಬಂದರೆ? ‘ಕ್ಷಮಿಸು, ನನಗೆ ಹೇಳಲು ಧೈರ್ಯ ಸಾಲಲಿಲ್ಲ’ ಎಂಬಂಥದ್ದು ಬಂದರೆ ‘ತಿಳಿಸಿದ್ದಕ್ಕೆ ಧನ್ಯವಾದ’ ಎಂದು ಬರೆದು ನಿಲ್ಲಿಸಿ. ಅಲ್ಲಿಂದ ಕಾರಣಗಳ ವಿಚಾರಣೆ ಶುರುಮಾಡಬೇಡಿ. ಚುಚ್ಚುಮಾತು ಬಂದರೆ ಉತ್ತರವೇ ಬೇಡ. ಹೆಚ್ಚು ಗೊಂದಲ ತರುವುದು ಒಂದೆರಡು ತಿಂಗಳ ಮೇಲೆ, ನಡುವೆ ಏನೂ ಆಗದವರಂತೆ ಬರುವ ‘ಹೇಗಿದ್ದೀಯಾ?’ ಎಂಬುದು. ಆ ಹೊತ್ತಿಗೂ ನಿಮಗೆ ಆಸಕ್ತಿ ಇದ್ದರೆ ಮೊದಲ ಮಾತಿನಲ್ಲೇ ಆ ಮೌನದ ಬಗ್ಗೆ ಕೇಳಿ, ಈಗ ಕೇಳುವುದಕ್ಕೆ ಅರ್ಥವಿದೆ, ಏಕೆಂದರೆ ಮಾತಿಗೆ ಬಂದವರು ಅವರು. ಅವರು ಅದನ್ನು ಹಾರಿಸಿ ಬೇರೆ ಮಾತಿಗೆ ಹೋದರೆ ಮುಂದೆಯೂ ಹೀಗೆಯೇ ನಡೆಯುತ್ತದೆ ಎಂದು ತಿಳಿಯಿರಿ.

ಗೆಳತಿಗೆ ಒಂಬತ್ತನೆಯ ದಿನ ಸಂದೇಶ ಬಂತು. ಮನೆ ಸಂಖ್ಯೆ, ಬೀದಿ, ಪಿನ್ ಕೋಡ್. ಬೇರೆ ಒಂದು ಅಕ್ಷರವೂ ಇರಲಿಲ್ಲ. ಅವಳು ಮರುದಿನ ಪುಸ್ತಕವನ್ನು ಕಂದು ಕಾಗದದಲ್ಲಿ ಸುತ್ತಲು ಕುಳಿತಾಗ ನೂರಾ ಹನ್ನೆರಡನೆಯ ಪುಟದಲ್ಲಿ ಅವಳದೇ ಬಸ್ ಟಿಕೆಟ್ ಸಿಕ್ಕಿತು, ಓದು ಅಲ್ಲಿಗೆ ನಿಂತಿತ್ತು. ಚೀಟಿ ಬರೆದು ಇಡಲೇ ಎಂದು ನನಗೆ ಫೋನ್ ಮಾಡಿದಳು. ನಾನು ಏನಾದರೂ ಹೇಳುವ ಮೊದಲೇ “ಬೇಡ ಅಲ್ಲವೇ” ಎಂದು ತಾನೇ ಹೇಳಿ, ಟಿಕೆಟನ್ನು ತೆಗೆದುಕೊಂಡು ಪೊಟ್ಟಣಕ್ಕೆ ಅಂಟು ಹಚ್ಚಿದಳು.